ಎರಡು ಕಾರ್ಯಕ್ರಮಗಳ ನಡುವಿನ ಮೂರು ನಿಮಿಷ

ಬಡಾವಣೆಯ ಕನ್ನಡ ಸಂಘದ ರಾಜ್ಯೋತ್ಸವ ಈಗ ಸಭಾಂಗಣದಲ್ಲಿ ಮಾತ್ರ ನಡೆಯುವುದಿಲ್ಲ. ಬರಲಾಗದ ಅಜ್ಜ-ಅಜ್ಜಿಯರು, ದುಬೈಯಲ್ಲಿರುವ ತಮ್ಮ, ನ್ಯೂಜೆರ್ಸಿಯಲ್ಲಿರುವ ಮಗಳು ಎಲ್ಲರೂ ಅದನ್ನು ಯೂಟ್ಯೂಬಿನ ನೇರಪ್ರಸಾರದಲ್ಲಿ ನೋಡುತ್ತಾರೆ. ಕ್ಯಾಮೆರಾ, ಇಂಟರ್ನೆಟ್, ಬೆಳಕು ಇವುಗಳಿಗೆಲ್ಲ ಸಂಘದವರು ಹಣ ಹೊಂದಿಸುತ್ತಾರೆ. ಆದರೆ ಪ್ರಸಾರಕ್ಕೆಂದೇ ಬರೆದ ಸ್ಕ್ರಿಪ್ಟ್ ಮಾತ್ರ ಅನೇಕ ಕಡೆ ಇರುವುದಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾದ ಪಟ್ಟಿಯೇ ನಿರೂಪಕಿಯ ಕೈಗೂ ಕ್ಯಾಮೆರಾದವರ ಕೈಗೂ ಹೋಗುತ್ತದೆ: ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವಿಕೆ, ಭಾವಗೀತೆ, ಡೊಳ್ಳು ಕುಣಿತ, ಸನ್ಮಾನ, ವಂದನಾರ್ಪಣೆ.

ಆ ಪಟ್ಟಿಯಲ್ಲಿ ಏನು ನಡೆಯುತ್ತದೆ ಎಂಬುದಿದೆ. ಒಂದು ಮುಗಿದು ಇನ್ನೊಂದು ಶುರುವಾಗುವವರೆಗೆ ಏನಾಗುತ್ತದೆ ಎಂಬುದಿಲ್ಲ. ಸಭಾಂಗಣದಲ್ಲಿ ಕೂತವರಿಗೆ ಈ ಬಿಡುವು ಕಷ್ಟವಲ್ಲ. ಅವರು ಪಕ್ಕದವರ ಜೊತೆ ಮಾತಾಡುತ್ತಾರೆ, ಮಗುವಿಗೆ ನೀರು ಕುಡಿಸುತ್ತಾರೆ, ಹಿಂದೆ ತಿರುಗಿ ಯಾರು ಬಂದಿದ್ದಾರೆಂದು ನೋಡುತ್ತಾರೆ. ಫೋನಿನಲ್ಲಿ ನೋಡುವವರಿಗೆ ಕಾಣುವುದು ಖಾಲಿ ವೇದಿಕೆ, ಜಮಖಾನ ಸುತ್ತುತ್ತಿರುವ ಒಬ್ಬರು, ಕೇಳುವುದು "ಹಲೋ, ಮೈಕ್ ಟೆಸ್ಟಿಂಗ್". ಅವರು ಆ ಹೊತ್ತಿಗೆ ಬೇರೆ ವಿಡಿಯೊಗೆ ಹೋದರೆ ಮತ್ತೆ ಬರುವ ಖಾತ್ರಿಯಿಲ್ಲ. ಆದ್ದರಿಂದ ನೇರಪ್ರಸಾರದ ಸ್ಕ್ರಿಪ್ಟನ್ನು ಬರೆಯಲು ತೊಡಗಬೇಕಾದದ್ದು ಕಾರ್ಯಕ್ರಮಗಳಿಂದಲ್ಲ, ಅವುಗಳ ನಡುವಿನ ಜಾಗಗಳಿಂದ. ಹಾಡು ಹಾಡುವವರ ಪಾಲಿನದು, ಕುಣಿತ ಕುಣಿಯುವವರ ಪಾಲಿನದು. ಬರೆಯುವವರ ಪಾಲಿಗೆ ಉಳಿಯುವುದು ಸಂದುಗಳೇ.

ದೂರದರ್ಶನದವರು, ಕಾರ್ಯಕ್ರಮ ನಿರ್ವಹಣೆಯ ಕಂಪನಿಗಳವರು ಇದನ್ನು ರನ್ ಆಫ್ ಶೋ ಎನ್ನುತ್ತಾರೆ. ನಮ್ಮ ಸರ್ಕಾರಿ ಸಮಾರಂಭಗಳಲ್ಲಿ ಬಳಕೆಯಲ್ಲಿರುವ ಮಾತು ಮಿನಿಟ್ ಟು ಮಿನಿಟ್. ಎರಡರ ರೂಪವೂ ಒಂದು ಕೋಷ್ಟಕ. ಪ್ರತಿ ಸಾಲಿನಲ್ಲಿ ಗಡಿಯಾರದ ಸಮಯ, ಎಷ್ಟು ಹೊತ್ತು ಎಂಬ ಲೆಕ್ಕ, ವೇದಿಕೆಯ ಮೇಲೆ ಏನು, ಪರದೆಯ ಮೇಲೆ ಏನು, ಯಾವ ಮೈಕ್ ತೆರೆದಿರಬೇಕು, ನಿರೂಪಕಿ ಹೇಳುವ ಮಾತು ಯಾವುದು ಎಂದಿರುತ್ತದೆ. ವೇದಿಕೆ ಮತ್ತು ಪರದೆ ಬೇರೆ ಬೇರೆ ಮನೆಗಳಲ್ಲಿರುವುದೇ ಇದರ ಮುಖ್ಯ ಗುಣ. ಜಮಖಾನ ಸುತ್ತುವ ಹೊತ್ತಿನಲ್ಲಿ ಪರದೆಯ ಮೇಲೆ ಜಮಖಾನ ಕಾಣಲೇಬೇಕೆಂದಿಲ್ಲ.

ಸಂಜೆ 6ಕ್ಕೆ ಶುರುವಾಗುವ ಒಂದು ರಾಜ್ಯೋತ್ಸವವನ್ನೇ ಎತ್ತಿಕೊಳ್ಳೋಣ. 5.45ಕ್ಕೇ ಪ್ರಸಾರ ತೆರೆದು, ಸಂಘದ ಹೆಸರು ಮತ್ತು ಆರಂಭದ ಸಮಯವಿರುವ ಒಂದು ಚಿತ್ರವನ್ನು ಇಟ್ಟಿರಬೇಕು. ಅದರಲ್ಲಿ ಭಾರತೀಯ ಕಾಲಮಾನ ಎಂದು ಬರೆದಿರಲಿ. ನವೆಂಬರಿನ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಮ್ಮ ಸಂಜೆ 6 ಅದಕ್ಕೆ ಮುಂಚೆ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 8.30, ಅದಾದ ಮೇಲೆ 7.30. ರಾಜ್ಯೋತ್ಸವಗಳು ಸರಿಯಾಗಿ ಈ ಬದಲಾವಣೆಯ ವಾರದಲ್ಲೇ ಬರುವುದರಿಂದ ಅಲ್ಲಿನವರು ಒಂದು ಗಂಟೆ ತಪ್ಪಿಸಿಕೊಳ್ಳುವುದು ಸುಲಭ.

6ಕ್ಕೆ ನಿರೂಪಕಿಯ ನಮಸ್ಕಾರ, 6.02ಕ್ಕೆ ನಾಡಗೀತೆ. ಇಡೀ ಸಂಜೆಯಲ್ಲಿ ಅವಧಿ ಖಚಿತವಾಗಿ ಗೊತ್ತಿರುವ ಒಂದೇ ಒಂದು ಭಾಗ ಇದು. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ರಾಜ್ಯ ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಆದೇಶ ಹೊರಡಿಸಿತು. ಉಳಿದ ಯಾವ ಅಂಕಿಯೂ ಇಷ್ಟು ಗಟ್ಟಿಯಲ್ಲ. ನಾಲ್ಕು ನಿಮಿಷ ಎಂದು ಬರೆದ ಸ್ವಾಗತ ಭಾಷಣ ಒಂಬತ್ತು ನಿಮಿಷವಾದೀತು. ಅದಕ್ಕೇ ಸ್ಕ್ರಿಪ್ಟಿನಲ್ಲಿ ಎಳೆಯಬಹುದಾದ ಸಾಲುಗಳೂ ಬಿಡಬಹುದಾದ ಸಾಲುಗಳೂ ಮೊದಲೇ ಗುರುತಾಗಿರಬೇಕು.

ಈಗ ಒಂದು ಸಂದನ್ನು ಪೂರ್ತಿಯಾಗಿ ನೋಡೋಣ. ಭಾವಗೀತೆ ಮುಗಿಯುವುದು 6.27ಕ್ಕೆ, ಡೊಳ್ಳು ಕುಣಿತ ಶುರುವಾಗಬೇಕಾದದ್ದು 6.30ಕ್ಕೆ. ಈ ಮೂರು ನಿಮಿಷದಲ್ಲಿ ಹಾರ್ಮೋನಿಯಂ, ತಬಲಾ, ಮೂರು ಮೈಕ್ ಸ್ಟ್ಯಾಂಡು, ಜಮಖಾನ ಎಲ್ಲ ವೇದಿಕೆಯಿಂದ ಇಳಿಯಬೇಕು. ಕುಣಿಯುವವರ ಕಾಲಿಗೆ ವೈರು ಸಿಗದಂತೆ ನೆಲ ಖಾಲಿಯಾಗಬೇಕು. ಸಾಮಾನ್ಯವಾಗಿ ಇಲ್ಲಿ ಕೇಳಿಬರುವ ನಿರೂಪಣೆ ಹೀಗಿರುತ್ತದೆ: "ಇಂಥ ಸುಮಧುರ ಗೀತೆಗಳ ನಂತರ ಈಗ ನಿಮ್ಮ ಮುಂದೆ ಬರಲಿದೆ ಮೈನವಿರೇಳಿಸುವ ಡೊಳ್ಳು ಕುಣಿತ, ಜೋರಾದ ಚಪ್ಪಾಳೆ!" ಹೇಳಲು ಹತ್ತು ಸೆಕೆಂಡೂ ಬೇಡ. ಉಳಿದ ಎರಡು ಮುಕ್ಕಾಲು ನಿಮಿಷ ನಿರೂಪಕಿ ಪಕ್ಕದ ಪರದೆಯತ್ತ ನೋಡುತ್ತಾ ನಿಲ್ಲುತ್ತಾಳೆ, ಮತ್ತೊಮ್ಮೆ ಚಪ್ಪಾಳೆ ಕೇಳುತ್ತಾಳೆ. ತಪ್ಪು ಅವಳದಲ್ಲ, ಅವಳಿಗೆ ಹೇಳಲು ಏನೂ ಕೊಟ್ಟಿಲ್ಲ. "ಸುಮಧುರ", "ಮೈನವಿರೇಳಿಸುವ" ಎಂಬಂಥ ಮಾತುಗಳು ಹೊತ್ತು ತುಂಬಲಾರವು. ಹೊತ್ತು ತುಂಬುವುದು ವಿಷಯ.

ಆ ಮೂರು ನಿಮಿಷವನ್ನು ನಾನಾದರೆ ಹೀಗೆ ಹಂಚುತ್ತೇನೆ. 6.27ರಿಂದ 20 ಸೆಕೆಂಡು ಚಪ್ಪಾಳೆ, ಗಾಯಕರ ನಮಸ್ಕಾರ, ಇಡೀ ಸಭಾಂಗಣ ಕಾಣುವ ದೂರದ ಕ್ಯಾಮೆರಾ. ಇಲ್ಲಿ ಯಾರೂ ಮಾತಾಡಬಾರದು, ಚಪ್ಪಾಳೆ ಮನೆಯವರಿಗೂ ಕೇಳಲಿ. ಆಮೇಲೆ ನಿರೂಪಕಿಯ ಮುಖದ ಮೇಲೆ ಹತ್ತಿರದ ಕ್ಯಾಮೆರಾ. ಅವಳ ಹಿಂದೆ ಸಾಮಾನು ಸಾಗಿಸುವುದು ಕಾಣದಂತೆ, ಪೋಡಿಯಂ ವೇದಿಕೆಯ ಒಂದು ಅಂಚಿಗಿರಬೇಕು. ಒಂದು ನಿಮಿಷದ ಮಾತು:

"ಹಾಡಿದ ಇಬ್ಬರಿಗೂ, ತಬಲಾ, ಹಾರ್ಮೋನಿಯಂ ನುಡಿಸಿದವರಿಗೂ ವಂದನೆ. ನೀವು ನೋಡುತ್ತಿರುವುದು ನಮ್ಮ ಸಂಘದ ರಾಜ್ಯೋತ್ಸವ. ಈಗಷ್ಟೇ ಸೇರಿಕೊಂಡವರಿಗೆ ಸ್ವಾಗತ. ಮುಂದಿನದು ಡೊಳ್ಳು ಕುಣಿತ. ಹಾಲುಮತದ ಕುರುಬರು ಬೀರಪ್ಪನ ಸೇವೆಯಲ್ಲಿ ಬಾರಿಸುತ್ತ ಬಂದ ವಾದ್ಯ ಇದು. ದೊಡ್ಡ ಮರದ ಹೊಳವಿಗೆ ಎರಡೂ ಕಡೆ ಚರ್ಮ ಬಿಗಿದಿರುತ್ತಾರೆ. ಅದನ್ನು ಮೈಗೆ ಕಟ್ಟಿಕೊಂಡು, ಆ ಭಾರ ಹೊತ್ತೇ ಕುಣಿಯಬೇಕು. ಕುಣಿತ ಶುರುವಾದಾಗ ತಾಳ ಹಿಡಿದವರ ಕಡೆ ಒಂದು ಕಣ್ಣಿಡಿ. ತಂಡದ ನಡೆ ಬದಲಾಗುವುದು ಅವರ ಸನ್ನೆಯಿಂದ. ಅದಕ್ಕೆ ಮುಂಚೆ ನಿಮಗೊಂದು ಪ್ರಶ್ನೆ. ನಮ್ಮ ರಾಜ್ಯ 1956ರ ನವೆಂಬರ್ 1ರಂದು ಒಂದಾಯಿತು. ಅದಕ್ಕೆ ಕರ್ನಾಟಕ ಎಂದು ಹೆಸರಿಟ್ಟದ್ದು ಯಾವ ವರ್ಷ? ಬರೆದು ಕಳಿಸಿ, ಕುಣಿತ ಮುಗಿದ ಮೇಲೆ ಉತ್ತರ ಹೇಳುತ್ತೇನೆ. ಈಗ ಡೊಳ್ಳು ಬಿಗಿಯುವ ಕೈಗಳನ್ನು ನೋಡೋಣ."

ಕೊನೆಯ ನಾಲ್ಕು ಪದಗಳು ಸ್ಕ್ರಿಪ್ಟಿನಲ್ಲಿ ದಪ್ಪಕ್ಷರದಲ್ಲಿರುತ್ತವೆ. ನಿರೂಪಕಿ ಮಧ್ಯದಲ್ಲಿ ತನ್ನ ಮಾತಿನ ಲಯಕ್ಕೆ ತಕ್ಕಂತೆ ಏನು ಬೇಕಾದರೂ ಬದಲಿಸಿಕೊಳ್ಳಬಹುದು, ಈ ನಾಲ್ಕನ್ನು ಬದಲಿಸುವಂತಿಲ್ಲ. ಪ್ರಸಾರದ ಮೇಜಿನಲ್ಲಿ ಕೂತ ಹುಡುಗ ಕಾಯುತ್ತಿರುವುದು ಅವಕ್ಕೇ. "ಕೈಗಳನ್ನು ನೋಡೋಣ" ಕಿವಿಗೆ ಬಿದ್ದ ತಕ್ಷಣ ಅವನು ಮುಂಚೆಯೇ ಚಿತ್ರೀಕರಿಸಿಟ್ಟ 75 ಸೆಕೆಂಡಿನ ತುಣುಕನ್ನು ಬಿಡುತ್ತಾನೆ. ಅದೇ ತಂಡದವರು ತಮ್ಮ ಊರಿನಲ್ಲಿ ಡೊಳ್ಳಿಗೆ ಹಗ್ಗ ಬಿಗಿಯುತ್ತಾ ಮಾತಾಡಿದ ವಿಡಿಯೊ ಅದು, ಫೋನಿನಲ್ಲಿ ತೆಗೆದರೂ ಸಾಕು. ಸಭಾಂಗಣದ ಪರದೆಯ ಮೇಲೂ ಅದನ್ನೇ ಹಾಕಬಹುದು. ಆ 75 ಸೆಕೆಂಡೇ ವೇದಿಕೆಯವರಿಗೆ ನಿಜವಾದ ಬಿಡುವು. ಜಮಖಾನ ಸುತ್ತುವುದು, ಕ್ಯಾಮೆರಾ ಜಾಗ ಬದಲಿಸುವುದು, ಡೊಳ್ಳಿನವರು ಪರದೆಯ ಹಿಂದೆ ಸಾಲುಗಟ್ಟುವುದು ಎಲ್ಲ ಆಗ ಮುಗಿಯಬೇಕು. 6.29.35ಕ್ಕೆ ಮತ್ತೆ ನಿರೂಪಕಿ, 25 ಸೆಕೆಂಡು:

"ಡೊಳ್ಳು ಬಿಗಿದ ಆ ಕೈಗಳೇ ಈಗ ಪರದೆಯ ಹಿಂದೆ ಸಿದ್ಧವಾಗಿವೆ. ಮುಂದೆ ನೆಲದ ಮೇಲೆ ಕೂತ ಮಕ್ಕಳೇ, ಸ್ವಲ್ಪ ಹಿಂದೆ ಸರಿಯಿರಿ, ಇವರಿಗೆ ಜಾಗ ಬೇಕು. ಮನೆಯಲ್ಲಿ ಇಯರ್‌ಫೋನ್ ಹಾಕಿಕೊಂಡವರು ಸದ್ದು ಕೊಂಚ ಇಳಿಸಿಕೊಳ್ಳಿ. ಬರಲಿ ಡೊಳ್ಳು!"

ಒಂದು ನಿಮಿಷಕ್ಕೆ ಎಷ್ಟು ಬರೆಯಬೇಕು ಎಂದು ಹೊಸಬರು ಕೇಳುತ್ತಾರೆ. ಕನ್ನಡದ ಪದಗಳು ಉದ್ದ. ವೇದಿಕೆಯ ನಿಧಾನದಲ್ಲಿ ಓದಿದರೆ ನಿಮಿಷಕ್ಕೆ 80ರಿಂದ 90 ಪದ ಎಂದಿಟ್ಟುಕೊಳ್ಳಬಹುದು. ಆದರೆ ಲೆಕ್ಕಕ್ಕಿಂತ ಗಡಿಯಾರ ಹಿಡಿದು ಗಟ್ಟಿಯಾಗಿ ಓದಿ ನೋಡುವುದೇ ಸರಿ, ಅದೂ ನಿರೂಪಣೆ ಮಾಡುವವರ ಬಾಯಲ್ಲಿಯೇ. ಓದುವಾಗ ನಾಲಿಗೆ ತೊಡರಿದ ಸಮಾಸಗಳನ್ನು ಅಲ್ಲೇ ಒಡೆಯಬೇಕು.

ಡೊಳ್ಳಿನವರು ಇನ್ನೂ ಸಿದ್ಧವಾಗಿರದಿದ್ದರೆ? ಪಕ್ಕದಿಂದ ವೇದಿಕೆ ನೋಡಿಕೊಳ್ಳುವವರು ಕೈಸನ್ನೆ ಮಾಡುತ್ತಾರೆ, "ಮೇಡಂ, ಇನ್ನೊಂದು ನಿಮಿಷ ಎಳೀರಿ" ಎನ್ನುತ್ತಾರೆ. ಎಳೆಯಲು ಬೇಕಾದ ಮಾತು ಅದೇ ಪುಟದ ಕೆಳಗೆ ಬಾಣದ ಗುರುತು ಹಾಕಿಕೊಂಡು ಇರಬೇಕು: ಈ ತಂಡ ಎಲ್ಲಿಂದ ಬಂದಿದೆ, ಯಾರಿಂದ ಕಲಿತರು, ಡೊಳ್ಳಿನ ಹೆಣ್ಣುಮಕ್ಕಳ ತಂಡಗಳೂ ಈಗ ಇವೆ ಎಂಬಂಥ ಮೂರು ನಾಲ್ಕು ವಾಕ್ಯ. ಹಿಂದಿನ ದಿನವೇ ತಂಡದವರ ಜೊತೆ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದರೆ ಇವು ಸಿಗುತ್ತವೆ. ಆ ಕರೆ ಮಾಡದೆ ಬರೆದ ಸ್ಕ್ರಿಪ್ಟು ಎಲ್ಲ ಊರಿನ ಎಲ್ಲ ಡೊಳ್ಳಿಗೂ ಹೊಂದುವಂತಿರುತ್ತದೆ, ಹಾಗಾಗಿ ಯಾರಿಗೂ ಹೊಂದುವುದಿಲ್ಲ.

ಪ್ರಶ್ನೆ ಕೇಳಿ ಉತ್ತರವನ್ನು ಕುಣಿತದ ನಂತರಕ್ಕೆ ಇಟ್ಟದ್ದಕ್ಕೂ ಕಾರಣವಿದೆ. ನೇರಪ್ರಸಾರ ಎಂದರೂ ಅದು ವೇದಿಕೆಗಿಂತ ಹಿಂದಿರುತ್ತದೆ. ನಾವು ಆರಿಸಿಕೊಂಡ ವ್ಯವಸ್ಥೆ, ನೋಡುವವರ ಇಂಟರ್ನೆಟ್ ಇವುಗಳ ಮೇಲೆ ಕೆಲವು ಸೆಕೆಂಡಿನಿಂದ ಅರ್ಧ ನಿಮಿಷದವರೆಗೂ ವ್ಯತ್ಯಾಸ ಬರಬಹುದು. ಅವರು ಪ್ರಶ್ನೆ ಕೇಳಿಸಿಕೊಂಡು, ಯೋಚಿಸಿ, ಟೈಪ್ ಮಾಡಿ ಕಳಿಸುವಷ್ಟರಲ್ಲಿ ಒಂದು ನಿಮಿಷ ಕಳೆದಿರುತ್ತದೆ. ಇದು ಗೊತ್ತಿಲ್ಲದೆ "ಹೇಳಿ ನೋಡೋಣ, ಯಾವ ವರ್ಷ?" ಎಂದು ವೇದಿಕೆಯಲ್ಲಿ ಕಾದರೆ ಸಭಾಂಗಣದವರು ಕೂಗಿ ಹೇಳಿಬಿಡುತ್ತಾರೆ, ದೂರದವರ ಉತ್ತರ ಆಮೇಲೆ ಬಂದು ಬಿದ್ದಿರುತ್ತದೆ. ಹತ್ತು ನಿಮಿಷದ ಕುಣಿತವನ್ನು ನಡುವೆ ಇಟ್ಟರೆ ಈ ಅಂತರ ಮಾಯವಾಗುತ್ತದೆ. ಸ್ವಯಂಸೇವಕರೊಬ್ಬರು ಸರಿಯುತ್ತರ ಬರೆದ ನಾಲ್ಕು ಜನರ ಹೆಸರು, ಊರು ಚೀಟಿಯಲ್ಲಿ ಬರೆದು ನಿರೂಪಕಿಗೆ ಕೊಡುತ್ತಾರೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು ಎಂಬ ಉತ್ತರದ ಜೊತೆ, ದೂರದ ಊರುಗಳ ಹೆಸರು ವೇದಿಕೆಯಲ್ಲಿ ಕೇಳಿಸುತ್ತದೆ. ಮುಂದಿನ ಸನ್ಮಾನಕ್ಕೆ ಕುರ್ಚಿ ಹಾಕುವ ಹೊತ್ತೂ ಅದರಲ್ಲೇ ಕಳೆಯುತ್ತದೆ.

ಡೊಳ್ಳಿನ ಸಾಲಿನಲ್ಲಿ ಶಬ್ದದ ಮನೆಯಲ್ಲೂ ಒಂದು ಸೂಚನೆ ಬೇಕು, ಇದನ್ನು ಬರೆಯದ ಕಡೆ ಪ್ರಸಾರ ಕೆಟ್ಟಿರುವುದು ಖಂಡಿತ. ಸಾಮಾನ್ಯವಾಗಿ ಸಭಾಂಗಣದ ಸೌಂಡ್ ಮಿಕ್ಸರಿನಿಂದ ಒಂದು ವೈರು ಎಳೆದು ಪ್ರಸಾರಕ್ಕೆ ಕೊಟ್ಟಿರುತ್ತಾರೆ. ಮೈಕಿಗೆ ಬಿದ್ದದ್ದಷ್ಟೇ ಆ ವೈರಿನಲ್ಲಿ ಹೋಗುತ್ತದೆ. ಡೊಳ್ಳಿಗೆ ಸಭಾಂಗಣದಲ್ಲಿ ಮೈಕ್ ಬೇಡವೇ ಬೇಡ, ಗೋಡೆ ನಡುಗುವಷ್ಟು ಸದ್ದು ಅದರದೇ. ಹಾಗಾಗಿ ಎದುರಿಗಿದ್ದವರ ಎದೆ ಗುದ್ದುವ ಡೊಳ್ಳು ಫೋನಿನಲ್ಲಿ ದೂರದ ಯಾರದೋ ಮನೆಯ ಸದ್ದಿನಂತೆ ಕೇಳುತ್ತದೆ. ಯಕ್ಷಗಾನದ ಚೆಂಡೆಯದೂ ಇದೇ ಕಥೆ: ಭಾಗವತರ ಪದ ಚೆನ್ನಾಗಿ ಕೇಳುತ್ತದೆ, ಚೆಂಡೆ ಎಲ್ಲೋ ಹಿಂದೆ. ಪರಿಹಾರ ಸರಳ. ಸಭಾಂಗಣದ ಸದ್ದನ್ನು ಹಿಡಿಯಲು ಒಂದೆರಡು ಮೈಕನ್ನು ವೇದಿಕೆಯಿಂದ ಸ್ವಲ್ಪ ದೂರದಲ್ಲಿ ಇಟ್ಟು, ಅವನ್ನು ಪ್ರಸಾರಕ್ಕೆ ಮಾತ್ರ ಕೊಡಬೇಕು. ಸ್ಕ್ರಿಪ್ಟಿನಲ್ಲಿ "6.30: ಸಭಾ ಮೈಕ್ ಏರಿಸಿ, ನಿರೂಪಕಿ ಮೈಕ್ ಮುಚ್ಚಿ" ಎಂದಿರಬೇಕು. ಮಟ್ಟ ಎಷ್ಟಿರಬೇಕೆಂದು ತಿಳಿಯಲು ಮಧ್ಯಾಹ್ನವೇ ತಂಡದವರಿಂದ ಅವರ ಅತಿ ಜೋರಿನ ಪೆಟ್ಟನ್ನು ಅರ್ಧ ನಿಮಿಷ ಬಾರಿಸಿ ನೋಡಬೇಕು. ಮೆಲ್ಲಗೆ ಬಾರಿಸಿ ಸರಿಮಾಡಿದರೆ ಸಂಜೆ ಸದ್ದು ಒಡೆಯುತ್ತದೆ.

ಸಭಾಂಗಣಕ್ಕೆ ಮಾತ್ರ ಸಂಬಂಧಿಸಿದ ಪ್ರಕಟಣೆಗಳಿಗೆ ಬೇರೆ ಮೈಕ್ ಇರುವುದು ಒಳ್ಳೆಯದು. ಗೇಟಿಗೆ ಅಡ್ಡ ನಿಲ್ಲಿಸಿದ ಕಾರಿನ ನಂಬರು, ಊಟದ ಕೂಪನ್, ಸಿಕ್ಕಿದ ಕೀ ಗೊಂಚಲು ಇವೆಲ್ಲ ಪ್ರಸಾರಕ್ಕೆ ಹೋಗಬೇಕಿಲ್ಲ. ಆ ಹೊತ್ತಿಗೆ ಪರದೆಯಲ್ಲಿ ಮುಂದಿನ ಕಾರ್ಯಕ್ರಮದ ಹೆಸರು ತೋರಿಸಬಹುದು.

ಇನ್ನು ಅತಿಥಿಗಳ ವಿಷಯ. ಮುಖ್ಯ ಅತಿಥಿ ತಡವಾಗಿ ಬರುವುದು ನಮ್ಮಲ್ಲಿ ಅಪರೂಪವಲ್ಲ, ಅದನ್ನು ಆಕಸ್ಮಿಕವೆಂದು ಕೈಕಟ್ಟಿ ಕೂರುವ ಬದಲು ಸ್ಕ್ರಿಪ್ಟಿನಲ್ಲೇ ಎರಡನೇ ದಾರಿ ಬರೆದಿಡಬೇಕು. 5.55ರವರೆಗೆ ಅತಿಥಿ ಬಾರದಿದ್ದರೆ ನಾಡಗೀತೆ ಹೊತ್ತಿಗೆ ಸರಿಯಾಗಿ ನಡೆಯಲಿ, ದೀಪ ಬೆಳಗುವುದು ಭಾವಗೀತೆಯ ನಂತರಕ್ಕೆ ಹೋಗಲಿ. ಸಮಯಕ್ಕೆ ಸರಿಯಾಗಿ ಕೂತವರನ್ನು ಕಾಯಿಸುವುದು ಅವರಿಗೆ ತೋರುವ ಅಗೌರವ. ನಿರೂಪಕಿಗೆ ಆಗ ಬೇಕಾದ ಮಾತು: "ನಮ್ಮ ಅತಿಥಿಗಳು ದಾರಿಯಲ್ಲಿದ್ದಾರೆ. ಅವರನ್ನು ಹಾಡಿನೊಂದಿಗೇ ಬರಮಾಡಿಕೊಳ್ಳೋಣ, ಮೊದಲು ಭಾವಗೀತೆ." ಟ್ರಾಫಿಕ್ ಬಗ್ಗೆ, ಕಾರಣದ ಬಗ್ಗೆ ಒಂದು ಮಾತೂ ಬೇಡ. ಅತಿಥಿ ಬಂದ ಮೇಲೆ: "ಅತಿಥಿಗಳಿಗೆ ಸ್ವಾಗತ. ಈಗ ಎಲ್ಲರೂ ಸೇರಿ ದೀಪ ಬೆಳಗೋಣ." ದೀಪ ಬೆಳಗುವಾಗ ಐದಾರು ಜನ ಸುತ್ತ ನಿಂತು ಕ್ಯಾಮೆರಾಕ್ಕೆ ಬೆನ್ನು ಕೊಡುತ್ತಾರೆ, ಮನೆಯವರಿಗೆ ಶಾಲು, ಸೆರಗು ಮಾತ್ರ ಕಾಣುತ್ತದೆ. ದೀಪದ ಕಂಬವನ್ನು ಎಲ್ಲಿಡಬೇಕು, ಯಾವ ಕಡೆ ಜನ ನಿಲ್ಲಬಾರದು ಎಂದು ವೇದಿಕೆಯ ಮನೆಯಲ್ಲಿ ಬರೆದು, ನೆಲದ ಮೇಲೆ ಟೇಪು ಅಂಟಿಸಿದರೆ ಸಾಕು. ಸನ್ಮಾನದಲ್ಲಿ ಫೋಟೊ ತೆಗೆಯುವವರದೂ ಇದೇ ಸಮಸ್ಯೆ, ಅಲ್ಲೂ ಇದೇ ಉಪಾಯ.

ಭಾಷಣ ಉದ್ದವಾದರೆ ಏನು ಮಾಡಬೇಕು ಎಂಬುದು ಸೂಕ್ಷ್ಮ. ಹಿರಿಯರನ್ನು ನಡುವೆ ತಡೆಯುವುದು ನಮಗೆ ಒಗ್ಗುವುದಿಲ್ಲ, ತಡೆಯಲೂಬಾರದು. ಉಳಿದಿರುವ ದಾರಿಯೆಂದರೆ ಕಳೆದುಕೊಂಡ ನಿಮಿಷಗಳನ್ನು ಎಲ್ಲಿಂದ ತರಬೇಕೆಂದು ಮೊದಲೇ ಗೊತ್ತಿರುವುದು. ಮಕ್ಕಳ ಕಾರ್ಯಕ್ರಮವನ್ನು ಕತ್ತರಿಸುವುದು ಕೊನೆಯ ಆಯ್ಕೆಯಾಗಬೇಕು, ಅವರು ವಾರಗಟ್ಟಲೆ ಅಭ್ಯಾಸ ಮಾಡಿರುತ್ತಾರೆ. ಕತ್ತರಿ ಬೀಳಬೇಕಾದದ್ದು ನಿರೂಪಣೆಯ ಎಳೆದ ಸಾಲುಗಳ ಮೇಲೆ, ಎರಡನೇ ವಿಡಿಯೊ ತುಣುಕಿನ ಮೇಲೆ, ಪದಾಧಿಕಾರಿಗಳ ಪರಿಚಯದ ಮೇಲೆ.

ಮಕ್ಕಳು ಸಿನಿಮಾ ಹಾಡಿಗೆ ಕುಣಿಯುವ ಸಾಲಿಗೆ ಕೆಂಪು ಗುರುತು ಹಾಕಬೇಕು. ಹಕ್ಕುಸ್ವಾಮ್ಯವಿರುವ ಹಾಡನ್ನು ಯೂಟ್ಯೂಬ್ ನೇರಪ್ರಸಾರದ ನಡುವೆಯೇ ಗುರುತಿಸಬಲ್ಲದು. ಆಗ ಎಚ್ಚರಿಕೆ ಬರಬಹುದು, ಚಿತ್ರದ ಬದಲು ಸ್ಥಿರ ಚಿತ್ರ ಬರಬಹುದು, ಪ್ರಸಾರವೇ ನಿಂತರೂ ನಿಲ್ಲಬಹುದು. ಸಭಾಂಗಣದಲ್ಲಿ ಹಾಡು ಹಾಕಲು ಪಡೆದ ಅನುಮತಿ ಇದಕ್ಕೆ ಸಾಲದು. ಹಾಡನ್ನು ವೇದಿಕೆಯಲ್ಲಿ ಹಾಡಿ ನುಡಿಸಿದರೆ ಗುರುತು ಸಿಗುವ ಸಂಭವ ಕಡಿಮೆಯಾಗುತ್ತದೆ, ಹಕ್ಕಿನ ಪ್ರಶ್ನೆ ಮಾತ್ರ ಪೂರ್ತಿ ಹೋಗುವುದಿಲ್ಲ. ಜನಪದ ಗೀತೆಗೆ ಸ್ಥಳೀಯ ಗಾಯಕರ ಮೇಳ ಇಟ್ಟುಕೊಂಡು ಕುಣಿಸುವುದೇ ನನ್ನ ದೃಷ್ಟಿಯಲ್ಲಿ ಉತ್ತಮ. ಅದು ಸಾಧ್ಯವಿಲ್ಲದಿದ್ದರೆ ಆ ಕುಣಿತವನ್ನು ಪ್ರಸಾರದಿಂದ ಬಿಟ್ಟು, ಅದೇ ಹೊತ್ತಿಗೆ ಪರದೆಯ ಹಿಂದಿನ ಕಲಾವಿದರ ಜೊತೆ ಒಂದು ಮಾತುಕತೆ ತೋರಿಸಬಹುದು. ಪರದೆ ಮತ್ತು ವೇದಿಕೆಗೆ ಬೇರೆ ಮನೆಗಳಿರುವುದರ ಪ್ರಯೋಜನ ಇಲ್ಲಿ ಮತ್ತೆ ಕಾಣುತ್ತದೆ.

ಪರದೆಯ ಕೆಳಗೆ ಬರುವ ಹೆಸರುಗಳಲ್ಲಿ ಕನ್ನಡಕ್ಕೇ ವಿಶೇಷವಾದ ತೊಡಕೊಂದಿದೆ. ಸ್ಕ್ರಿಪ್ಟನ್ನು ನುಡಿಯ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದರೆ, ಅದನ್ನು ಪ್ರಸಾರದ ತಂತ್ರಾಂಶಕ್ಕೆ ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಮೊದಲಿನಿಂದಲೇ ಯೂನಿಕೋಡಿನಲ್ಲಿ ಟೈಪ್ ಮಾಡಬೇಕು, ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ಪ್ರತಿ ಹೆಸರನ್ನೂ ಪರದೆಯ ಮೇಲೇ ನೋಡಬೇಕು. ರಾಜ್ಯೋತ್ಸವದ ಪ್ರಸಾರದಲ್ಲಿ ಕನ್ನಡ ಒಡೆದು ಕಾಣುವುದು ಸಹಿಸುವಂಥದ್ದಲ್ಲ.

ಇಂಟರ್ನೆಟ್ ಹೋದರೆ ವೇದಿಕೆ ನಿಲ್ಲಬಾರದು, ನಿರೂಪಕಿಗೆ ಆಗಲೇ ಹೇಳುವುದೂ ಬೇಡ. ಯೂಟ್ಯೂಬಿನ ಸಿದ್ಧತೆಯಲ್ಲಿ Enable Auto-stop ಎಂಬುದನ್ನು ಆರಿಸಿದ್ದರೆ, ಸಂಪರ್ಕ ಕಡಿದಾಗ ಪ್ರಸಾರ ಮುಗಿಯಿತೆಂದೇ ಅದು ತೀರ್ಮಾನಿಸಬಹುದು. ಅದನ್ನು ಆರಿಸದೆ ಬಿಟ್ಟರೆ ಸಂಪರ್ಕ ಮರಳಿದಾಗ ಅದೇ ಕೊಂಡಿಯಲ್ಲಿ ಮುಂದುವರಿಯಬಹುದು. ಮರಳಿದ ಮೇಲಿನ ಮುಂದಿನ ಸಂದಿನಲ್ಲಿ ಒಂದೇ ವಾಕ್ಯ ಸಾಕು: "ಸಂಪರ್ಕ ಕಡಿದುಹೋಗಿದ್ದವರಿಗೆ ಮತ್ತೆ ಸ್ವಾಗತ, ಡೊಳ್ಳು ಮುಗಿದು ಈಗ ಸನ್ಮಾನ ನಡೆಯುತ್ತಿದೆ." ಹೊಸ ಚಾನೆಲ್ ಆದರೆ ನೇರಪ್ರಸಾರದ ಅನುಮತಿಗೆ 24 ಗಂಟೆಯವರೆಗೂ ಹಿಡಿಯುತ್ತದೆ, ಆ ಕೆಲಸ ಮುಂಚೆಯೇ ಆಗಿರಬೇಕು.

ವಂದನಾರ್ಪಣೆಯಾದ ಮೇಲೆ ಇನ್ನೊಂದು ಸಾಲು ಉಳಿದಿರುತ್ತದೆ. ವೇದಿಕೆಯಲ್ಲಿ ಮುಗಿದ ಮಾತು ಮನೆಗೆ ತಡವಾಗಿ ಮುಟ್ಟುವುದರಿಂದ, ಮುಗಿದ ಕ್ಷಣವೇ ಪ್ರಸಾರ ನಿಲ್ಲಿಸುವುದು ಬೇಡ. "ಎಲ್ಲರಿಗೂ ನಮಸ್ಕಾರ" ಎಂದ ಮೇಲೆ ಕನಿಷ್ಠ ಒಂದು ನಿಮಿಷ ಕಲಾವಿದರ ಹೆಸರುಗಳು ಪರದೆಯ ಮೇಲಿರಲಿ, ನಿರೂಪಕಿಯ ಮೈಕ್ ಮಾತ್ರ ತಕ್ಷಣ ಮುಚ್ಚಿರಲಿ.

ಸಂಘಗಳ ಕಾರ್ಯದರ್ಶಿಗಳಲ್ಲಿ ನನ್ನದೊಂದು ಮನವಿ. ಸ್ಕ್ರಿಪ್ಟಿನ ಒಂದು ಪ್ರತಿಯನ್ನು ಯಾರಾದರೊಬ್ಬರ ಕೈಗೆ ಕೊಟ್ಟು, ಅಂದುಕೊಂಡ ಸಮಯದ ಪಕ್ಕದಲ್ಲಿ ನಿಜವಾಗಿ ನಡೆದ ಸಮಯವನ್ನು ಪೆನ್ಸಿಲಿನಲ್ಲಿ ಬರೆಸಿ. ಸ್ವಾಗತಕ್ಕೆ ಎಷ್ಟು ಹೊತ್ತಾಯಿತು, ಜಮಖಾನ ತೆಗೆಯಲು ಎಷ್ಟು ಬೇಕಾಯಿತು, ಯಾವ ಸಂದಿನಲ್ಲಿ ವೇದಿಕೆ ಖಾಲಿ ಉಳಿಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಬ್ಯಾನರು, ರಸೀದಿ ಪುಸ್ತಕಗಳ ಜೊತೆ ಆ ಹಾಳೆಗಳನ್ನೂ ಮುಂದಿನ ವರ್ಷದ ಸಮಿತಿಗೆ ಒಪ್ಪಿಸಿ.